ಒಂದೇ ಜಾಗ, ಮೂರು ಒಪ್ಪಂದ

ಧಾರವಾಡದಲ್ಲಿ ಒಂದು ಹಳೇ ಮನೆಯ ರಿಪೇರಿ, ಹಿಂದಿನ ಹಿತ್ತಲಲ್ಲಿ 900 ಚದರಡಿಯ ಹೊಸ ಮನೆ, ಎರಡೂ ಕೆಲಸ ನನಗೇ ಬಂದವು. "ಎಲ್ಲಾ ಕೂಡಿ ಎಷ್ಟಾಗ್ತದ, ಒಂದೇ ಮಾತು ಹೇಳ್ರಿ" ಅಂದರು ಮಾಲೀಕರು. ಹೇಳಬಹುದಿತ್ತು. ಆದರೆ ಗೊತ್ತಿಲ್ಲದ ಖರ್ಚಿಗೆಲ್ಲ ಜಾಸ್ತಿ ಹಿಡಿದೇ ಹೇಳಬೇಕಿತ್ತು. ಅದಕ್ಕೇ ಮೂರು ಒಪ್ಪಂದ ಮಾಡಿದೆವು.

ಹೊಸ ಮನೆಗೆ ಪ್ಲಿಂತ್, ಅಂದರೆ ಪಾಯದ ಮೇಲಿನ ಕಟ್ಟೆ, ಅಲ್ಲಿಂದ ಮೇಲೆ ಫಿಕ್ಸೆಡ್ ರೇಟ್. ನಕ್ಷೆ ಕೈಯಲ್ಲಿತ್ತು, ಕಿಟಕಿ-ಬಾಗಿಲು ಎಲ್ಲ ತೀರ್ಮಾನವಾಗಿತ್ತು. ಇಲ್ಲಿ ರಿಸ್ಕ್ ನನ್ನದು. ಸುಮಾರು ಮೂರೂವರೆ ಟನ್ ಕಬ್ಬಿಣ ಬೇಕು. ಕೆಜಿಗೆ 10 ರೂಪಾಯಿ ಏರಿದರೆ 35,000 ನನ್ನ ಜೇಬಿಂದ ಹೋಗುತ್ತದೆ. ಇಳಿದರೆ ನನಗೇ ಉಳಿತಾಯ.

ಪಾಯಕ್ಕೆ ಹಾಗೆ ಮಾಡಲಿಲ್ಲ. ಅಲ್ಲಿ ಎರೆಮಣ್ಣು. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ಮಣ್ಣು, ಗರಸು ಸಿಗುವವರೆಗೂ ಅಗೆಯಲೇಬೇಕು. ಐದು ಅಡಿಗೆ ಸಿಗುತ್ತದೋ ಎಂಟಕ್ಕೋ, ಯಾರು ಹೇಳಬೇಕು? ಜೆಸಿಬಿಗೆ ಗಂಟೆ ಲೆಕ್ಕ, ಆಳಿಗೆ ಹಾಜರಿ ಲೆಕ್ಕ, ಸಾಮಾನಿಗೆ ಬಿಲ್ಲಿನ ಲೆಕ್ಕ. ಆಳ ಜಾಸ್ತಿಯಾದರೆ ಖರ್ಚು ಮಾಲೀಕರದು. ಕೆಲಸ ನಿಧಾನವಾದರೂ ಅವರದೇ, ಇದರ ತೊಂದರೆ ಅದೇ. ಹಾಗಾಗಿ ಒಂದೂವರೆ ಲಕ್ಷದ ಮಿತಿ ಹಾಕಿದೆವು, ಅದು ಮೀರಬೇಕಾದರೆ ಅವರ ಒಪ್ಪಿಗೆ ಬೇಕು. ದಿನಾ ಸಂಜೆ ಸಹಿ ಮಾಡುವ ಪುಸ್ತಕದಲ್ಲಿ ಗಂಟೆಯ ಪಕ್ಕ ಎಷ್ಟು ಅಡಿ ಇಳಿಯಿತು ಅಂತಲೂ ಬರೆದೆವು. ಗಂಟೆ ಏರುತ್ತಿದ್ದು ಅಡಿ ಏರದಿದ್ದರೆ ಕೇಳಲೇಬೇಕಲ್ವಾ? ಗರಸು ಏಳಡಿಗೆ ಸಿಕ್ಕಿತು, ಮಿತಿಯೊಳಗೇ ಮುಗಿಯಿತು.

ಹಳೇ ಮನೆಯದು ಇನ್ನೂ ಕಷ್ಟ. ತೊಲೆ ಬಿಚ್ಚುವವರೆಗೆ ಗೆದ್ದಲು ಎಷ್ಟು ತಿಂದಿದೆ ಗೊತ್ತಾಗುವುದಿಲ್ಲ. ಏನೇನು ಕೆಲಸ ಅನ್ನುವುದೇ ಖಚಿತವಿಲ್ಲದ ಮೇಲೆ ರೇಟ್ ಹೇಳುವುದೆಲ್ಲಿ? ಆದ ಖರ್ಚು ಅವರು ಕೊಡುವುದು, ಮೇಲೆ ನನ್ನ ಫೀ. ಅಂದಾಜು ಆರು ಲಕ್ಷ. ಫೀ ಶೇಕಡಾ 10 ಅಂದಿದ್ದರೆ ಖರ್ಚು ಎಂಟು ಲಕ್ಷಕ್ಕೆ ಹೋದಷ್ಟೂ ನನಗೇ ಲಾಭ: 60,000 ಇದ್ದದ್ದು 80,000. ಅಮೆರಿಕದ ಕೇಂದ್ರ ಸರ್ಕಾರ ತನ್ನ ಖರೀದಿಯಲ್ಲಿ ಈ ಶೇಕಡಾ ಪದ್ಧತಿಯನ್ನು ನಿಷೇಧಿಸಿದೆ. ನಾವು 60,000 ಅಂತ ಗಟ್ಟಿ ಮಾಡಿಕೊಂಡೆವು. ಖರ್ಚು ಏರಿದರೆ ಹೊರೆ ಮಾಲೀಕರಿಗೆ. ಕೆಲಸ ಎಳೆದರೆ ಅದೇ ಫೀಗೆ ತಿಂಗಳುಗಟ್ಟಲೆ ಓಡಾಟ ನನಗೆ. ನಮ್ಮ ತಪ್ಪಿಂದ ಕೆಡವಿ ಕಟ್ಟಿದ್ದು, ನನ್ನ ಬೈಕಿನ ಪೆಟ್ರೋಲ್ ಖರ್ಚಿನಲ್ಲಿ ಸೇರುವುದಿಲ್ಲ ಅಂತಲೂ ಬರೆದೆವು.

ಒಂದೇ ಜಾಗದಲ್ಲಿ ಇವೆಲ್ಲ ನಡೆದರೆ ಸಿಮೆಂಟ್ ಚೀಲ ಸುಮ್ನೆ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುತ್ತದೆ. ರಿಪೇರಿಯ ಬಿಲ್ಲಿಗೆ ಬಂದ ಚೀಲ ಹೊಸ ಗೋಡೆಗೆ ಬಿದ್ದರೆ ನನ್ನ ಖರ್ಚನ್ನು ಮಾಲೀಕರು ಕಟ್ಟಿದ ಹಾಗೆ. ಅದಕ್ಕೆ ಎರಡು ಶೆಡ್, ಎರಡು ಬಿಲ್ ಪುಸ್ತಕ ಇಟ್ಟೆ. ರಿಪೇರಿ ಶೆಡ್ಡಿನ ಬೀಗದ ಕೈ ಮಾಲೀಕರ ಹತ್ತಿರವೇ ಇತ್ತು.