ಬ್ಯಾಟರಿ ಬದಲಿಸುವ ಮೊದಲು ಸಿಗ್ನಲ್ ಅಳೆಯಿರಿ

ಗಂಗಾವತಿಯ ಮೊಬೈಲ್ ರಿಪೇರಿ ಕೌಂಟರ್‌ಗೆ ಆನೆಗೊಂದಿ, ಸಾಣಾಪುರ ಕಡೆಯಿಂದ ಬರುವ ಫೋನುಗಳ ಮೇಲೆ ಒಂದೇ ದೂರು ಮತ್ತೆ ಮತ್ತೆ ಇರುತ್ತದೆ: "ಬ್ಯಾಟ್ರಿ ಹೋಗೇತ್ರಿ, ಹೊಸದ ಹಾಕಿಬಿಡ್ರಿ." ಹೊಸದು ಹಾಕಿ ಕಳಿಸಿದ ಕೆಲವು ಫೋನು ವಾರದೊಳಗೆ ಅದೇ ದೂರಿನೊಂದಿಗೆ ವಾಪಸ್ ಬರುತ್ತವೆ, ಯಾಕೆಂದರೆ ಕೆಟ್ಟದ್ದು ಬ್ಯಾಟರಿಯೇ ಅಲ್ಲ. ಊರಲ್ಲಿ ದಿನವಿಡೀ ಬರುವ ಫೋನು ಗುಡ್ಡದ ಮರೆಯ ತೋಟಕ್ಕೆ ಹೋದ ಕೂಡಲೇ ಖಾಲಿಯಾಗುತ್ತಿದ್ದರೆ ಮೊದಲು ನೋಡಬೇಕಾದದ್ದು ಸಿಗ್ನಲ್.

ಕಡ್ಡಿ ನೋಡಿ ಸಿಗ್ನಲ್ ಅಳೆಯಲು ಆಗುವುದಿಲ್ಲ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದನ್ನು ಪ್ರತಿ ಕಂಪನಿ ತನಗೆ ಬೇಕಾದಂತೆ ಇಟ್ಟಿರುತ್ತದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಎಂದು ಹೋದರೆ ಮೈನಸ್ ಗುರುತಿನ ಒಂದು ಸಂಖ್ಯೆ ಸಿಗುತ್ತದೆ, ಮುಂದೆ ಡಿಬಿಎಂ ಎಂದಿರುತ್ತದೆ. 4ಜಿಯಲ್ಲಿ ಮೈನಸ್ 85ರ ಆಸುಪಾಸು ಇದ್ದರೆ ಚೆನ್ನಾಗಿದೆ, ಮೈನಸ್ 105 ದಾಟಿದರೆ ದುರ್ಬಲ, ಮೈನಸ್ 115ರ ನಂತರ ಸಂಪರ್ಕ ಎಳೆಯಲ್ಲಿ ತೂಗುತ್ತಿರುತ್ತದೆ. ಇಲ್ಲಿ 3 ಅಂಕ ಕಡಿಮೆಯಾದರೆ ಸಿಗ್ನಲ್ ಅರ್ಧಕ್ಕೆ ಇಳಿದಂತೆ, 10 ಕಡಿಮೆಯಾದರೆ ಹತ್ತನೇ ಒಂದು ಪಾಲು ಉಳಿದಂತೆ. 85ರಿಂದ 115ಕ್ಕೆ ಇಳಿಯುವುದೆಂದರೆ ಸಾವಿರ ಪಟ್ಟು ಕ್ಷೀಣ.

ಸಿಗ್ನಲ್ ಕ್ಷೀಣವಾದಾಗ ಟವರ್ ಫೋನಿಗೆ "ಇನ್ನೂ ಜೋರಾಗಿ ಕೂಗು" ಎಂದು ಹೇಳುತ್ತದೆ. ಟವರ್ ಹತ್ತಿರವಿದ್ದಾಗ ಫೋನು ಪಿಸುಮಾತಿನಲ್ಲಿ ಕೆಲಸ ಮುಗಿಸುತ್ತದೆ, ದೂರವಾದರೆ ತನ್ನ ಪೂರ್ತಿ ಶಕ್ತಿ ಹಾಕುತ್ತದೆ. ಸಾಮಾನ್ಯ 4ಜಿ ಫೋನಿಗೆ ಅದು 200 ಮಿಲಿವ್ಯಾಟ್. ಆಂಟೆನಾದಿಂದ ಹೊರಬೀಳುವುದು ಅಷ್ಟೇ ಆದರೂ, ಅದನ್ನು ಹೊರಡಿಸುವ ಆಂಪ್ಲಿಫೈಯರ್ ಬ್ಯಾಟರಿಯಿಂದ ಅದರ ಹಲವು ಪಟ್ಟು ಎಳೆಯುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಜೇಬಿನಲ್ಲಿ ಸುಮ್ಮನಿದ್ದ ಫೋನಿನ ಮೇಲ್ಭಾಗ ಬೆಚ್ಚಗಾಗಲು ಇದೂ ಒಂದು ಕಾರಣ. ಮೇಲಾಗಿ ದುರ್ಬಲ ಸಿಗ್ನಲ್‌ನಲ್ಲಿ ದತ್ತಾಂಶ ನಿಧಾನವಾಗಿ ಹೋಗುತ್ತದೆ, ತಪ್ಪಿದ್ದನ್ನು ಮತ್ತೆ ಕಳಿಸಬೇಕಾಗುತ್ತದೆ. ಒಂದು ಸೆಕೆಂಡಿನ ವಾಟ್ಸಾಪ್ ಕೆಲಸಕ್ಕೆ ರೇಡಿಯೋ ಹತ್ತು ಸೆಕೆಂಡು ಎಚ್ಚರವಿರುತ್ತದೆ.

ಹುಡುಕಾಟದ ಖರ್ಚು ಬೇರೆ. ನೆಟ್‌ವರ್ಕ್ ಹಿಡಿದುಕೊಂಡ ಫೋನು ನಿದ್ದೆಯಲ್ಲಿರುತ್ತದೆ. ಒಂದೆರಡು ಸೆಕೆಂಡಿಗೊಮ್ಮೆ ಕ್ಷಣಮಾತ್ರ ಎದ್ದು ಕರೆ ಬಂದಿದೆಯೇ ಎಂದು ಕೇಳಿಸಿಕೊಂಡು ಮತ್ತೆ ಮಲಗುತ್ತದೆ. ನೆಟ್‌ವರ್ಕ್ ಕಳೆದುಕೊಂಡರೆ ಹಾಗಲ್ಲ. ತಾನು ಬಲ್ಲ ಬ್ಯಾಂಡುಗಳನ್ನೆಲ್ಲ, 850, 900, 1800, 2300 ಮೆಗಾಹರ್ಟ್ಸ್ ಹೀಗೆ, ಒಂದೊಂದಾಗಿ ತಡಕುತ್ತದೆ. ಏನೂ ಸಿಗದಿದ್ದರೆ ಬಹುತೇಕ ಫೋನುಗಳು ತುಸು ಸುಮ್ಮನಿದ್ದು, ಪ್ರತಿ ಸಲವೂ ಬಿಡುವನ್ನು ಹೆಚ್ಚಿಸುತ್ತಾ ಹೋಗುತ್ತವೆ. ಅದಕ್ಕೇ ಸಿಗ್ನಲ್ ಪೂರ್ತಿ ಇಲ್ಲದ ಜಾಗಕ್ಕಿಂತ ಬಂದು ಹೋಗುವ ಜಾಗವೇ ಎಷ್ಟೋ ಸಲ ಹೆಚ್ಚು ಬ್ಯಾಟರಿ ತಿನ್ನುತ್ತದೆ. ಸಿಕ್ಕಾಗ ಪೂರ್ತಿ ಶಕ್ತಿಯಲ್ಲಿ ನೋಂದಣಿ, ತಪ್ಪಿದಾಗ ಮತ್ತೆ ಮೊದಲಿನಿಂದ ಹುಡುಕಾಟ. ಸಾಣಾಪುರದ ಸುತ್ತ ಆಗುವುದು ಇದೇ. 2300ರಂಥ ಮೇಲಿನ ಬ್ಯಾಂಡಿನ ಅಲೆ ಕಲ್ಲುಗುಡ್ಡವನ್ನು ಬಳಸಿ ಬರುವುದು ಕಷ್ಟ, 850 ಒಂದಿಷ್ಟು ಬಳಸಿ ಬರುತ್ತದೆ. ಬಂಡೆಯ ಮರೆಯಲ್ಲಿ ಹತ್ತು ಹೆಜ್ಜೆ ಆಚೀಚೆ ಆದರೂ ಫೋನು ಬೇರೆ ಬ್ಯಾಂಡಿಗೆ ಹಾರುತ್ತದೆ.

ಬಾಳೆ ತೋಟದ ಪಂಪ್‌ಶೆಡ್‌ನಲ್ಲಿ ರಾತ್ರಿ ಮಲಗುವ ರೈತರೊಬ್ಬರ ಫೋನಿನ ಲೆಕ್ಕ ಹೇಳುತ್ತೇನೆ. ಬ್ಯಾಟರಿ 5000 ಎಂಎಎಚ್, ಎರಡು ಸಿಮ್, ರಾತ್ರಿ ಹತ್ತಕ್ಕೆ ಪೂರ್ತಿ ಚಾರ್ಜ್ ಮಾಡಿ ಬೆಳಗಿನ ಆರಕ್ಕೆ ನೋಡುವುದು. ಊರಿನಲ್ಲಿ ಮೈನಸ್ 86 ಇದ್ದಾಗ ಎಂಟು ಗಂಟೆಗೆ ಇಳಿದದ್ದು ಶೇ. 5. ಶೆಡ್‌ನಲ್ಲಿ ಏರೋಪ್ಲೇನ್ ಮೋಡ್ ಹಾಕಿಟ್ಟಾಗ ಶೇ. 2. ಅದೇ ಶೆಡ್‌ನಲ್ಲಿ ಮಾಮೂಲಿಯಾಗಿ ಬಿಟ್ಟಾಗ ಶೇ. 23, ಅಂದರೆ 1150 ಎಂಎಎಚ್, ಯಾರೂ ಮುಟ್ಟದೆ. ಇವುಗಳಲ್ಲಿ ತೀರ್ಪು ಕೊಡುವುದು ಏರೋಪ್ಲೇನ್ ಮೋಡ್ ರಾತ್ರಿ. ಆಗಲೂ ಶೇ. 8, 10 ಇಳಿದಿದ್ದರೆ ದೋಷ ಬ್ಯಾಟರಿಯಲ್ಲೋ ಬೋರ್ಡಿನಲ್ಲೋ ಯಾವುದಾದರೂ ಆ್ಯಪ್‌ನಲ್ಲೋ ಇದೆ. ಶೇ. 40 ಇದ್ದದ್ದು ಒಮ್ಮೆಲೆ 15ಕ್ಕೆ ಜಿಗಿಯುವುದು, ಹಿಂದಿನ ಕವಚ ಉಬ್ಬುವುದು ಬ್ಯಾಟರಿ ಹೋದ ಗುರುತು. ಸಿಗ್ನಲ್ ಇಲ್ಲದ್ದು ಹಾಗೆ ಜಿಗಿಸುವುದಿಲ್ಲ, ಒಂದೇ ಸಮನೆ ಇಳಿಸುತ್ತದೆ.

ಮೊದಲು ಎರಡನೇ ಸಿಮ್ ಆಫ್ ಮಾಡಿಸಿದೆ. ಆ ಕಂಪನಿಯ ಸಿಗ್ನಲ್ ತೋಟದಲ್ಲಿ ಇರಲೇ ಇಲ್ಲ, ಮೇಲೆ ಒಂದು ಸಿಮ್‌ಗೆ ಕಡ್ಡಿ ಇದ್ದುದರಿಂದ ಅದು ಹುಡುಕುತ್ತಿರುವುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬರೀ ಡೇಟಾ ಬಂದ್ ಮಾಡಿದರೆ ಸಾಲದು. ಸಿಮ್ ಸೆಟ್ಟಿಂಗ್ಸ್‌ನಲ್ಲಿ ಆ ಸಿಮ್‌ನ ಸ್ವಿಚ್ಚನ್ನೇ ಆಫ್ ಮಾಡಬೇಕು. ಮರುದಿನ ಇಳಿತ ಶೇ. 10ಕ್ಕೆ ಬಂತು.

ನಂತರ ಫೋನಿನ ಜಾಗ. ತಗಡಿನ ಶೆಡ್ ಒಳಗೆ, ಸ್ಟಾರ್ಟರ್ ಡಬ್ಬಿಯ ಮೇಲೆ ಫೋನು ಇರುತ್ತಿತ್ತು, ಅಲ್ಲಿ ಮೈನಸ್ 118. ತಗಡು ಅಲೆಯನ್ನು ಒಳಗೆ ಬಿಡುವುದಿಲ್ಲ, ವಾಪಸ್ ಹೊಡೆಯುತ್ತದೆ. ಕಿಟಕಿಯ ಬಳಿ ಮೊಳೆಗೆ ಬಟ್ಟೆ ಚೀಲದಲ್ಲಿ ತೂಗುಹಾಕಿದಾಗ ಮೈನಸ್ 104. ಈ 14 ಅಂಕದ ವ್ಯತ್ಯಾಸ ಸುಮಾರು 25 ಪಟ್ಟು ಸಿಗ್ನಲ್, ಅದೂ ಒಂದು ಪೈಸೆ ಖರ್ಚಿಲ್ಲದೆ. ಜಾಗ ಬದಲಿಸಿದ ಮೇಲೆ ಸಂಖ್ಯೆ ನಿಲ್ಲಲು ಅರ್ಧ ನಿಮಿಷ ಕೊಡಿ, ಆಮೇಲೆ ಓದಿ. ಜೊತೆಗೆ ನೆಟ್‌ವರ್ಕ್ ಟೈಪ್‌ನಲ್ಲಿ 5ಜಿ ತೆಗೆದು 4ಜಿಗೆ ಇಳಿಸಿದ್ದರಿಂದ, ಸಿಗದ 5ಜಿಗಾಗಿ ತಡಕುವುದೂ ನಿಂತಿತು. ಆ ರಾತ್ರಿ ಇಳಿದದ್ದು ಶೇ. 6.

ನೆಟ್‌ವರ್ಕ್ ಟೈಪ್ ಬದಲಿಸುವಾಗ ಒಂದು ಎಚ್ಚರ ಬೇಕು. ಜಿಯೋಗೆ 2ಜಿ, 3ಜಿ ಇಲ್ಲ. ಆ ಸಿಮ್ ಇಟ್ಟುಕೊಂಡು 2ಜಿ ಆರಿಸಿದರೆ ಫೋನು ಪೂರ್ತಿ ಮೂಕವಾಗುತ್ತದೆ. 2ಜಿ ಇರುವ ಕಂಪನಿಯ ಸಿಮ್ ಆದರೆ, 4ಜಿ ಬಂದು ಹೋಗಿ ಮಾಡುವ ಜಾಗದಲ್ಲಿ ರಾತ್ರಿ ಮಟ್ಟಿಗೆ 2ಜಿಯಲ್ಲೇ ನಿಲ್ಲಿಸಬಹುದು. ಕರೆ ಬರುತ್ತದೆ, ವಾಟ್ಸಾಪ್ ಮಾತ್ರ ತೆವಳುತ್ತದೆ. ಆದರೆ 2ಜಿಯಲ್ಲಿ ಉದ್ದುದ್ದ ಮಾತಾಡಿದರೆ ಉಳಿಸಿದ್ದೆಲ್ಲ ಹೋಗುತ್ತದೆ, ಯಾಕೆಂದರೆ 900ರ ಬ್ಯಾಂಡಿನಲ್ಲಿ ಫೋನು ಬಿಟ್ಟು ಬಿಟ್ಟು 2 ವ್ಯಾಟ್‌ವರೆಗೂ ಕೂಗಬಲ್ಲದು.

ಮನೆಯಲ್ಲಿ ವೈಫೈ ಇದ್ದು ಸಿಗ್ನಲ್ ಇಲ್ಲದವರಿಗೆ ಇನ್ನೂ ಸುಲಭದ ದಾರಿ ಇದೆ. ವೈಫೈ ಕಾಲಿಂಗ್ ಆನ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ, ಅದರ ಮೇಲೆ ವೈಫೈ ಮಾತ್ರ ಮತ್ತೆ ಆನ್ ಮಾಡಿದರೆ ಟವರ್ ಹುಡುಕಾಟ ನಿಲ್ಲುತ್ತದೆ, ಕರೆ ವೈಫೈ ಮೇಲೆ ಬರುತ್ತದೆ. ಕರೆಂಟ್ ಹೋಗಿ ರೌಟರ್ ಆರಿದರೆ ಕರೆಯೂ ಬರುವುದಿಲ್ಲ, ಇದನ್ನು ಮನೆಯವರಿಗೆಲ್ಲ ಹೇಳಿಟ್ಟಿರಬೇಕು.

ಸಿಗ್ನಲ್ ಹೆಚ್ಚಿಸುತ್ತೇವೆ ಎನ್ನುವ ಆ್ಯಪ್‌ಗಳಿಂದ ಏನೂ ಆಗುವುದಿಲ್ಲ. ಅನುಮತಿ ಇಲ್ಲದ ಬೂಸ್ಟರ್ ಡಬ್ಬಿ ಕೂರಿಸುವುದು ಕಾನೂನುಬಾಹಿರ, ಅಕ್ಕಪಕ್ಕದವರ ಸಿಗ್ನಲ್ಲನ್ನೂ ಕೆಡಿಸುತ್ತದೆ. ಹತ್ತು ನಿಮಿಷಕ್ಕೊಮ್ಮೆ ಏರೋಪ್ಲೇನ್ ಮೋಡ್ ಹಾಕಿ ತೆಗೆಯುವವರಿದ್ದಾರೆ. ಪ್ರತಿ ಸಲ ತೆಗೆದಾಗಲೂ ಫೋನು ಹೊಸದಾಗಿ ಹುಡುಕಿ ನೋಂದಣಿ ಮಾಡಿಕೊಳ್ಳಬೇಕು, ಅದೇ ಒಂದು ಖರ್ಚು.

ಆಫ್ ಮಾಡಿದ ಸಿಮ್ ಬ್ಯಾಂಕಿಗೆ ಜೋಡಿಸಿದ್ದಾದರೆ ಅದರ ಓಟಿಪಿ ಬರುವುದಿಲ್ಲ. ಊರಿಗೆ ಬಂದ ಮೇಲೆ ಆನ್ ಮಾಡಿ ಹಣದ ಕೆಲಸ ಮುಗಿಸಿ, ತೋಟಕ್ಕೆ ಹೊರಡುವ ಮುಂಚೆ ಮತ್ತೆ ಆಫ್ ಮಾಡಿ.