ಸಿಟಿ ಸರಿ, ರಿಲೇ ಸರಿ, ಆದರೂ ಟ್ರಿಪ್ ತಡವಾಯಿತು

ಮೈಸೂರಿನಲ್ಲಿದ್ದುಕೊಂಡು ಸುತ್ತಮುತ್ತಲ ಕಾರ್ಖಾನೆಗಳಿಗೆ ರಿಲೇ ಟೆಸ್ಟಿಂಗ್ ಮಾಡುತ್ತೇನೆ. ಕರೆಂಟ್ ಮಿತಿ ಮೀರಿದರೆ ಬ್ರೇಕರ್‌ಗೆ ಟ್ರಿಪ್ ಕೊಡುವುದು ರಿಲೇ. ಲೈನಿನ ಕರೆಂಟನ್ನು ಅಳತೆಗೆ ತಕ್ಕಂತೆ ಇಳಿಸಿ ಅದಕ್ಕೆ ಕೊಡುವುದು ಸಿಟಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್. ಒಂದು ಮಳೆಗಾಲದಲ್ಲಿ ಮಂಡ್ಯದ ಕಡೆಯ ಒಂದು ಕಾರ್ಖಾನೆಯಿಂದ ಫೋನ್ ಬಂತು. 11 ಕೆವಿ ಫೀಡರ್ ಒಂದರ ಕೇಬಲ್ ಕಿಟ್‌ಗೆ ನೀರು ಸೇರಿ ಫಾಲ್ಟ್ ಆಗಿತ್ತು. ಆ ಫೀಡರ್ ಒಂದೇ ಟ್ರಿಪ್ ಆಗಬೇಕಿತ್ತು. ಅದರ ಜೊತೆ ಎಲ್ಲ ಫೀಡರ್‌ಗಳಿಗೂ ವಿದ್ಯುತ್ ಕೊಡುವ ಇನ್‌ಕಮರ್ ಕೂಡ ಬಿದ್ದು ಇಡೀ ಕಾರ್ಖಾನೆ ನಿಂತುಹೋಗಿತ್ತು.

"ಸಾರ್, ರಿಲೇನೇ ಕೈಕೊಟ್ಟಿದೆ, ಬದಲಾಯಿಸಿಬಿಡೋಣ" ಎಂದರು ಅಲ್ಲಿನ ಎಲೆಕ್ಟ್ರಿಷಿಯನ್. ಮೊದಲು ಸೆಕೆಂಡರಿ ಇಂಜೆಕ್ಷನ್ ಮಾಡಿ, ಅಂದರೆ ಟೆಸ್ಟ್ ಕಿಟ್‌ನಿಂದ ರಿಲೇಗೆ ನೇರವಾಗಿ ಕರೆಂಟ್ ಕೊಟ್ಟು ನೋಡಿದೆ. ದೊಡ್ಡ ಫಾಲ್ಟ್‌ಗೆ ಕೂಡಲೇ ಟ್ರಿಪ್ ಕೊಡುವ ಹೈಸೆಟ್‌ನ ಸೆಟ್ಟಿಂಗ್ 20 ಆಂಪಿಯರ್ ಇತ್ತು. 25 ಆಂಪಿಯರ್ ಕೊಟ್ಟರೆ ಒಂದು ಸೈಕಲ್ ಚಿಲ್ಲರೆಯಲ್ಲಿ ಟ್ರಿಪ್ ಕೊಡುತ್ತಿತ್ತು. ಸಿಟಿಯ ಮ್ಯಾಗ್ನೆಟೈಸಿಂಗ್ ಟೆಸ್ಟ್ ಕೂಡ ಸರಿಯಾಗಿಯೇ ಬಂತು. ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ಯಾವ ತಪ್ಪೂ ಇಲ್ಲ. ಟೆಸ್ಟ್ ಕಿಟ್ ಕೊಡುವುದು ಶುದ್ಧ ಸೈನ್ ವೇವ್. ನಿಜವಾದ ಫಾಲ್ಟ್ ಹಾಗಿರುವುದಿಲ್ಲ, ಅಲ್ವಾ?

ಆಮೇಲೆ ಎರಡೂ ರಿಲೇಗಳ ಡಿಸ್ಟರ್ಬೆನ್ಸ್ ರೆಕಾರ್ಡ್ ಇಳಿಸಿಕೊಂಡೆ. ಇನ್‌ಕಮರ್‌ನ 800/1 ಸಿಟಿ, ಅಂದರೆ 800 ಆಂಪಿಯರನ್ನು 1 ಆಂಪಿಯರ್‌ಗೆ ಇಳಿಸುವುದು, ಸುಮಾರು 5000 ಆಂಪಿಯರ್ ತೋರಿಸುತ್ತಿತ್ತು. ವೇವ್ ಪೂರ್ತಿ ಒಂದೇ ಕಡೆಗೆ ಸರಿದಿತ್ತು, ನಿಧಾನವಾಗಿ ನಡುಗೆರೆಗೆ ಮರಳುತ್ತಿತ್ತು. ಅದೇ ಡಿಸಿ ಆಫ್‌ಸೆಟ್. ಅದೇ ಫಾಲ್ಟನ್ನು ಫೀಡರ್‌ನ 200/1 ಸಿಟಿ ತೋರಿಸಿದ ರೀತಿಯೇ ಬೇರೆ. ಮೊದಲ 9 ಮಿಲಿಸೆಕೆಂಡ್ ಸರಿಯಾಗಿ ಏರಿ, ಶಿಖರ ಮುಟ್ಟುವ ಹೊತ್ತಿಗೆ ಕತ್ತರಿಸಿದಂತೆ ಸೊನ್ನೆಗೆ ಬಿದ್ದಿತ್ತು. ಇಂಥ ಕತ್ತರಿಸಿದ ಅಂಚು ಕಂಡರೆ ಸಿಟಿ ಸ್ಯಾಚುರೇಟ್ ಆಗಿದೆ, ಅದರ ಕೋರ್ ಇನ್ನು ಫ್ಲಕ್ಸ್ ಹಿಡಿಯಲಾರದು ಎಂದೇ ಅರ್ಥ.

ಸಿಟಿ 5P10, 10 ವಿಎ, ಅಂದರೆ 10 ಓಮ್ ಹೊರೆ ಇದ್ದರೂ ರೇಟಿಂಗ್‌ನ 10 ಪಟ್ಟು ಕರೆಂಟ್ ತನಕ ಹೆಚ್ಚು ತಪ್ಪದೆ ತೋರಿಸುವಂಥದ್ದು. ಒಳಗಿನ ರೆಸಿಸ್ಟೆನ್ಸ್ 1 ಓಮ್. ಹಾಗಾಗಿ ಅದು ಕೊಡಬಲ್ಲ ವೋಲ್ಟೇಜ್ ಸುಮಾರು 10 × (1 + 10) = 110. ವೈರು, ರಿಲೇ, ಸಿಟಿಯ ಒಳಗಿನದು ಎಲ್ಲ ಸೇರಿ 2 ಓಮ್. 5000 ಆಂಪಿಯರ್ ಫಾಲ್ಟ್ ಎಂದರೆ ಸೆಕೆಂಡರಿಯಲ್ಲಿ 25 ಆಂಪಿಯರ್, ಅದಕ್ಕೆ ಬೇಕಾದದ್ದು 50 ವೋಲ್ಟ್ ಮಾತ್ರ. ಕಾಗದದ ಮೇಲೆ ದುಪ್ಪಟ್ಟು ಜಾಗ ಇದೆ. ಹಿಂದೆ ಲೆಕ್ಕ ಹಾಕಿದವರು ಇಲ್ಲಿಗೇ ನಿಲ್ಲಿಸಿದ್ದರು.

ಆದರೆ ಅಲ್ಲಿನ X/R, ಅಂದರೆ ಫಾಲ್ಟ್ ದಾರಿಯ ರಿಯಾಕ್ಟೆನ್ಸ್‌ಗೂ ರೆಸಿಸ್ಟೆನ್ಸ್‌ಗೂ ಇರುವ ಅನುಪಾತ, 15. ಅದು ಹೆಚ್ಚಿದಷ್ಟೂ ಡಿಸಿ ನಿಧಾನವಾಗಿ ಕರಗುತ್ತದೆ. ಎಸಿ ಕರೆಂಟ್ ಕೋರ್‌ಗೆ ಫ್ಲಕ್ಸ್ ತುಂಬಿದಷ್ಟನ್ನೇ ಮುಂದಿನ ಅರ್ಧ ಸೈಕಲ್‌ನಲ್ಲಿ ತೆಗೆಯುತ್ತದೆ. ಡಿಸಿ ಸುಮ್ನೆ ಒಂದೇ ಕಡೆಗೆ ತುಂಬುತ್ತಲೇ ಹೋಗುತ್ತದೆ. ಪೂರ್ತಿ ಆಫ್‌ಸೆಟ್ ಇದ್ದರೆ 1 + X/R ಪಟ್ಟು, ಅಂದರೆ 16 ಪಟ್ಟು ಫ್ಲಕ್ಸ್ ಬೇಕು. 50 ವೋಲ್ಟ್ ಬೇಕಾದ ಕಡೆ 800 ವೋಲ್ಟ್. ಕೋರ್ ತುಂಬಿದ ಮೇಲೆ ಸೆಕೆಂಡರಿಗೆ ಹೆಚ್ಚೇನೂ ಬರುವುದಿಲ್ಲ.

ಇದರಿಂದ ಟ್ರಿಪ್ ಎಷ್ಟು ತಡವಾಯಿತು ಎನ್ನುವುದೇ ನನಗೆ ಮುಖ್ಯವಾಗಿತ್ತು. ಕರೆಂಟ್ ಹೆಚ್ಚಿದಷ್ಟೂ ಬೇಗ ಟ್ರಿಪ್ ಕೊಡುವ ಐಡಿಎಂಟಿ ಕರ್ವ್‌ಗೆ ಹೆಚ್ಚೇನೂ ಏಟು ಬೀಳುವುದಿಲ್ಲ. ಕರ್ವ್ ಶುರುವಾಗುವ ಪಿಕಪ್ 1 ಆಂಪಿಯರ್, ಸಮಯವನ್ನು ಗುಣಿಸುವ ಟಿಎಂಎಸ್ 0.1 ಇತ್ತು. ಆ ರಿಲೇಯಲ್ಲಿ ಕರ್ವ್ 20 ಪಟ್ಟಿಗೆ ಚಪ್ಪಟೆಯಾಗುತ್ತದೆ, ಸಮಯ 0.23 ಸೆಕೆಂಡ್. ರಿಲೇಗೆ 10 ಪಟ್ಟು ಮಾತ್ರ ಕಂಡರೂ 0.30 ಸೆಕೆಂಡ್. ಸ್ಯಾಚುರೇಷನ್ ಇದ್ದದ್ದೇ ಸುಮಾರು 100 ಮಿಲಿಸೆಕೆಂಡ್. ಹಾಗಾಗಿ ಕರ್ವ್‌ನಲ್ಲಿ ತಡ 20–25 ಮಿಲಿಸೆಕೆಂಡ್ ಅಷ್ಟೆ.

ಏಟು ಬಿದ್ದದ್ದು ಹೈಸೆಟ್‌ಗೆ. ರಿಲೇ ಅಳೆಯುವುದು 50 ಹರ್ಟ್ಸ್ ಭಾಗವನ್ನು ಮಾತ್ರ. ಮೊದಲ ಸೈಕಲ್‌ನಲ್ಲಿ ಅದು 17 ಆಂಪಿಯರ್ ತನಕ ಬಂತು, 20 ಮುಟ್ಟಲಿಲ್ಲ. ಎರಡನೇ ಸೈಕಲ್‌ನಲ್ಲಿ 9ಕ್ಕೆ ಇಳಿಯಿತು. ಡಿಸಿ ಕರಗಿದ ಹಾಗೆ ಮೇಲೆದ್ದು 90 ಮಿಲಿಸೆಕೆಂಡ್‌ಗೆ 20 ದಾಟಿತು. ಅದರ ಮೇಲೆ ಬ್ರೇಕರ್‌ಗೆ 60 ಬೇಕು. ಒಟ್ಟು 150. ಇನ್‌ಕಮರ್ ಹೈಸೆಟ್‌ನ ಡಿಲೇ 100 ಮಿಲಿಸೆಕೆಂಡ್. ಅದು 120ಕ್ಕೇ ಟ್ರಿಪ್ ಕೊಟ್ಟಾಗಿತ್ತು.

800 ವೋಲ್ಟ್ ಕೊಡುವ ಸಿಟಿ ಆ ಪ್ಯಾನೆಲ್‌ನಲ್ಲಿ ಹಿಡಿಸುವುದಿಲ್ಲ. ಹಿಡಿಸಲೇಬೇಕೆಂದೂ ಇಲ್ಲ. ರಿಲೇ ತೀರ್ಮಾನ ಮಾಡುವ ತನಕ, ಸುಮಾರು 25 ಮಿಲಿಸೆಕೆಂಡ್, ಸಿಟಿ ತಡೆದರೆ ಸಾಕು. 400/1, 5P20, 10 ವಿಎ, ಒಳಗೆ 2 ಓಮ್ ಇರುವ ಸಿಟಿ ಆರಿಸಿದೆವು. ಅದು ಕೊಡುವುದು 240 ವೋಲ್ಟ್, ಬೇಕಾದದ್ದು 12.5 × 3 = 37.5. ಲೆಕ್ಕದ ಪ್ರಕಾರ ಸ್ಯಾಚುರೇಟ್ ಆಗಲು ಸುಮಾರು 29 ಮಿಲಿಸೆಕೆಂಡ್. ಈ ಲೆಕ್ಕ ಕೋರ್‌ನಲ್ಲಿ ಹಳೆಯ ಫ್ಲಕ್ಸ್ ಉಳಿದಿಲ್ಲ ಎಂದುಕೊಂಡು ಹಾಕಿದ್ದು. ಉಳಿದಿದ್ದರೆ ಸಮಯ ಇನ್ನೂ ಕಡಿಮೆ. ಅದಕ್ಕೇ ಹೈಸೆಟ್ಟನ್ನು ಪ್ರೈಮರಿ ಲೆಕ್ಕದಲ್ಲಿ 4000ದಿಂದ 3000 ಆಂಪಿಯರ್‌ಗೆ ಇಳಿಸಿದೆ. ಟ್ರಾನ್ಸ್‌ಫಾರ್ಮರ್‌ಗಳನ್ನು ಆನ್ ಮಾಡಿದಾಗ ನುಗ್ಗುವ ಇನ್‌ರಶ್ ಕರೆಂಟ್‌ನ ಲೆಕ್ಕ 2500ರ ಸುತ್ತ ಇತ್ತು, ಆದ್ದರಿಂದ ಇನ್ನೂ ಇಳಿಸಲು ಧೈರ್ಯ ಬರಲಿಲ್ಲ. ಇನ್‌ಕಮರ್ ಡಿಲೇಯನ್ನು 250 ಮಿಲಿಸೆಕೆಂಡ್‌ಗೆ ಏರಿಸಿದೆ.

ಮುಂದಿನ ಮಳೆಗಾಲದಲ್ಲಿ ಅದೇ ಫೀಡರ್‌ನಲ್ಲಿ ಇನ್ನೊಂದು ಕಿಟ್ ಹೋಯಿತು. ಆ ಎಲೆಕ್ಟ್ರಿಷಿಯನ್ ತಾವೇ ರೆಕಾರ್ಡ್ ಇಳಿಸಿ ಕಳಿಸಿದರು. ಎರಡನೇ ಸೈಕಲ್‌ನಲ್ಲಿ ಅದೇ ಕತ್ತರಿಸಿದ ಅಂಚು ಕಂಡಿತು. ಆದರೆ ಟ್ರಿಪ್ ಗೆರೆ ಅದಕ್ಕಿಂತ ಮೊದಲೇ ಎದ್ದಿತ್ತು. ಇನ್‌ಕಮರ್ ಬೀಳಲಿಲ್ಲ.