ಪಿಐಪಿಯಲ್ಲಿದ್ದೂ ವೇರಿಯಬಲ್ ಕೈಗೆ ಬಂತು

ಪುಣೆಯ ಹಿಂಜವಡಿಯ ಆಫೀಸಿನಲ್ಲಿ ಪಿಐಪಿ, ಅಂದ್ರೆ ಇಷ್ಟು ದಿನದಲ್ಲಿ ಕೆಲಸ ಸುಧಾರಿಸಿಕೊಳ್ಳಿ ಅನ್ನೋ ಪ್ಲಾನಿನ ಮೇಲ್ ಬಂದಾಗ ವಾಕಡ್‌ನ ನಮ್ಮ ಹುಬ್ಬಳ್ಳಿ ಗೆಳೆಯರು ಹೇಳಿದ್ದು ಒಂದೇ ಮಾತು: "ಲೇ, ಅದೆಲ್ಲಾ ನಾಟಕ, ಬ್ಯಾರೆ ಕೆಲಸ ನೋಡ್ಕೋ. ರೊಕ್ಕದ ಆಸೆ ಬಿಡು." ಕೊಟ್ಟ ಟಾರ್ಗೆಟ್ ಮುಗಿಸಿ ಪಾಸಾದೆ, ಆ ಕಥೆ ಬೇಡ. ರೊಕ್ಕ ಹೆಂಗೆ ಉಳೀತು ಅನ್ನೋದನ್ನ ಮಾತ್ರ ಬರೀತೀನಿ.

ಪ್ಲಾನ್ 60 ದಿನದ್ದು. ಫೆಬ್ರವರಿ ಕೊನೆಗೆ ಶುರು, ಏಪ್ರಿಲ್ ಕೊನೆಗೆ ಮುಕ್ತಾಯ. ನಮ್ಮಲ್ಲಿ ಸಂಬಳದ ಹೈಕ್ ಏಪ್ರಿಲ್ 1ರಿಂದ, ರೇಟಿಂಗ್ ನೋಡಿ ಕೊಡೋ ವೇರಿಯಬಲ್ ಮೇ ಸಂಬಳದ ಜೊತೆ. ಸಿಟಿಸಿ ಸುಮಾರು 18 ಲಕ್ಷ, ಅದರಲ್ಲಿ ವೇರಿಯಬಲ್ 1.8. ಉಳಿದ 16.2ರ ಮೇಲೆ ಶೇ. 8 ಹೈಕ್ ಅಂದ್ರೆ ತಿಂಗಳಿಗೆ ಹತ್ತು-ಹನ್ನೊಂದು ಸಾವಿರ. ಎಲ್ಲರೂ ಹೈಕ್ ಬಗ್ಗೆ ತಲೆ ಕೆಡಿಸಿಕೊಳ್ತಾರೆ. ಅದು ಒಂದೆರಡು ತಿಂಗಳು ತಡವಾದರೆ ಹೋಗೋದು ಇಪ್ಪತ್ತು ಸಾವಿರದ ಆಸುಪಾಸು. ವರ್ಷಪೂರ್ತಿ ತಪ್ಪಿದರೆ ಮಾತ್ರ ಪೆಟ್ಟು ದೊಡ್ಡದು, ಮುಂದಿನ ಹೈಕ್‌ಗಳೂ ಕಡಿಮೆ ಸಂಬಳದ ಮೇಲೇ ಲೆಕ್ಕವಾಗ್ತವೆ. ವೇರಿಯಬಲ್ ಹಂಗಲ್ಲ, ಒಂದೇ ತಾರೀಖಿಗೆ ಪೂರ್ತಿ ಕೈತಪ್ಪಬಹುದು.

ಕಂಪನಿ ಪಾಲಿಸಿಯಲ್ಲಿ ವೇರಿಯಬಲ್ ಯಾರಿಗಿಲ್ಲ ಅನ್ನೋ ಒಂದು ವಾಕ್ಯ ಓದಿ. "ವರ್ಷದಲ್ಲಿ ಯಾವಾಗಾದರೂ ಪಿಐಪಿಯಲ್ಲಿದ್ದವರಿಗೆ ಇಲ್ಲ" ಅಂತಿದ್ದರೆ ಮಾಡೋದು ಹೆಚ್ಚೇನಿಲ್ಲ. ನಮ್ಮದರಲ್ಲಿ "ಪಾವತಿಯ ದಿನ ಪಿಐಪಿಯಲ್ಲಿ ಇರಬಾರದು" ಅಂತಿತ್ತು. ಅಂದ್ರೆ ನನಗೆ ಅಪಾಯ ಫೇಲ್ ಆಗೋದಷ್ಟೇ ಅಲ್ಲ. ಮ್ಯಾನೇಜರ್ ನಗ್ತಾ "ಇನ್ನೊಂದು ತಿಂಗಳು ನೋಡೋಣ" ಅಂದರೂ ಮೇ ದಾಟಿ ಹೋಗ್ತದೆ.

ಮೊದಲು ಎಚ್‌ಆರ್‌ಗೆ ಫೋನ್ ಮಾಡಿದೆ, ದಂಡ. ಒಬ್ಬರು "ಆಮೇಲೆ ನೋಡೋಣ" ಅಂದ್ರು, ಇನ್ನೊಬ್ಬರು "ಹೈಕ್ ಇಲ್ಲ" ಅಂದ್ರು. ಆಮೇಲೆ ಇಬ್ಬರನ್ನೂ ಮ್ಯಾನೇಜರ್‌ನನ್ನೂ ಸೇರಿಸಿ ಮೇಲ್ ಹಾಕಿ ಕೇಳಿದೆ: ಹೈಕ್ ರದ್ದೋ, ಮುಂದಕ್ಕೋ? ಮುಂದಕ್ಕಾದರೆ ಅರಿಯರ್ಸ್ ಉಂಟೋ? ಪ್ಲಾನ್ ವಿಸ್ತರಿಸೋದು ಯಾರು, ಎಷ್ಟು ದಿನದ ಮೊದಲು ತಿಳಿಸ್ತಾರೆ? ಮುಗಿದದ್ದಕ್ಕೆ ತಾರೀಖು ಹಾಕಿದ ಪತ್ರ ಕೊಡ್ತಾರೋ? ರಿಮೈಂಡರ್ ಮೇಲೆ ರಿಮೈಂಡರ್ ಹೋಯಿತು. ಸಿಸಿಯಲ್ಲಿ ಇನ್ನೊಬ್ಬರ ಹೆಸರು ಸೇರಿಸಿದ ಮೇಲೆ ಉತ್ತರ ಅರ್ಧ ದಿನದಲ್ಲಿ ಬಂತು. ಯಾರ ಹೆಸರು ಅನ್ನೋದು ನನ್ನ ಗುಟ್ಟು.

ನಡುವೆ ಒಂದು ಸಣ್ಣ ಪ್ರಯೋಗ: "ಈಗಲೇ ರಾಜೀನಾಮೆ ಕೊಟ್ಟರೆ ವೇರಿಯಬಲ್ ಕೊಡ್ತೀರಾ?" ಅಂತಲೂ ಕೇಳಿದೆ. ನೋಟಿಸ್ ಪೀರಿಯಡ್‌ನಲ್ಲಿದ್ದರೆ ಅದೂ ಇಲ್ಲವಂತೆ. ಹೆದರಿ ಪೇಪರ್ ಹಾಕಿದ ಟೀಮಿನವನೊಬ್ಬ ಹಂಗೇ ಕಳಕೊಂಡ. ಗ್ರಾಚ್ಯುಯಿಟಿ ಮಾತ್ರ ಸರ್ವಿಸ್ ಲೆಕ್ಕ, ಪಿಐಪಿಗೂ ಅದಕ್ಕೂ ಸಂಬಂಧವಿಲ್ಲ.

ಕೊನೆಗೆ ಹೈಕ್ ಮೇ ತಿಂಗಳಿಂದ ಬಂತು, ಅರಿಯರ್ಸ್ ಇಲ್ಲ. ರೇಟಿಂಗ್ ಕೆಳಗಿದ್ದದ್ದಕ್ಕೆ ವೇರಿಯಬಲ್ ಶೇ. 60ರಷ್ಟು, ಲಕ್ಷದ ಮೇಲೆ ಚೂರು, ತೆರಿಗೆ ಕಡಿತಕ್ಕೆ ಮುಂಚೆ. ಆಫರ್ ಲೆಟರ್‌ನಲ್ಲಿ ವೇರಿಯಬಲ್ "ಕಂಪನಿಯ ವಿವೇಚನೆ" ಅಂತಿದ್ದರೆ ಎಚ್‌ಆರ್ ಮೇಲ್ ಗಟ್ಟಿ ಹಕ್ಕಾಗಲ್ಲ, ಮಾತು ಬದಲಿಸೋದು ಮಾತ್ರ ಅವರಿಗೆ ಕಷ್ಟವಾಗ್ತದೆ. ನನ್ನ ಹೆಸರಿನ ಪಿಐಪಿ ಪತ್ರ, ಮುಕ್ತಾಯ ಪತ್ರ, ಹೈಕ್ ಪತ್ರ ಮೂರರ ಪ್ರತಿಯನ್ನೂ ಎಚ್‌ಆರ್‌ರಿಂದಲೇ ಕೇಳಿ ಇಸ್ಕೊಂಡೆ. ಲಾಗಿನ್ ಬಂದಾದ ಮೇಲೆ ಕೇಳಿದರೆ ಸಿಗೋದು ಕಷ್ಟ.